ಓವನ್ನಿನ ಒಂದು ನಿಮಿಷಕ್ಕೆ ಎಷ್ಟು?

ಹನುಮಂತನಗರದಲ್ಲಿ ಚಿಕ್ಕಪ್ಪನದೊಂದು ಪುಟ್ಟ ಬೇಕರಿ ಇದೆ. ಕಳೆದ ಡಿಸೆಂಬರ್‌ನಲ್ಲಿ ಲೆಕ್ಕ ನೋಡೋಕೆ ಅಂತ ಹೋದವನು ಒಂದು ದಿನ ಬೆಳಗ್ಗೆ ಐದೂವರೆಗೇ ಒಳಗೆ ಕೂತೆ. ಓವನ್ನಿನಲ್ಲಿ ಪ್ಲಮ್ ಕೇಕ್ ಬೇಯುತ್ತಿತ್ತು. ಪಕ್ಕದ ರ‍್ಯಾಕಿನಲ್ಲಿ ಖಾರಾ ಬನ್ ಉಬ್ಬಿ ಕಾಯುತ್ತಿತ್ತು, ಕಾದು ಕಾದು ಕುಸಿಯೋಕೂ ಶುರುವಾಗಿತ್ತು. ಮಾಸ್ಟರ್ ಒಂದನ್ನು ಬೆರಳಲ್ಲಿ ಒತ್ತಿ ತೋರಿಸಿದರು. ಗುಳಿ ಹಾಗೇ ಉಳಿಯಿತು. ಹೊರಗೆ ಗಿರಾಕಿ, "ಬನ್ ಇನ್ನೂ ಆಗಿಲ್ವಾ?"

"ಕೇಕ್ ಯಾಕೆ ಬೆಳಗ್ಗೇನೇ?" ಅಂತ ಚಿಕ್ಕಪ್ಪನನ್ನು ಕೇಳಿದೆ.

"ಅರ್ಧ ಕೆಜಿ ಕೇಕಲ್ಲಿ 80 ರೂಪಾಯಿ ಉಳಿಯುತ್ತೆ ಕಣೋ, ಬನ್ನಲ್ಲಿ ಬರೀ 9."

ಮಾತು ಸುಳ್ಳಲ್ಲ. ಕೇಕ್ 180ಕ್ಕೆ ಮಾರಿದರೆ ಸಾಮಾನು, ಡಬ್ಬಿ ಎಲ್ಲ ಸೇರಿ ಖರ್ಚು 100. ಬನ್ 16ಕ್ಕೆ ಹೋಗುತ್ತೆ, ಖರ್ಚು 7. ಬಾಡಿಗೆ, ಸಂಬಳ ಏನು ಬೇಯಿಸಿದರೂ ಕೊಡೋದೇ, ಅದನ್ನು ಲೆಕ್ಕದಿಂದ ಬಿಟ್ಟೆ. ಆದರೆ ಇಲ್ಲಿ ಕಡಿಮೆ ಇರೋದು ಮೈದಾ ಅಲ್ಲ, ಓವನ್ನಿನ ಹೊತ್ತು. ಹಾಗಾಗಿ ಪೀಸಿನ ಬದಲು ನಿಮಿಷಕ್ಕೆ ಎಷ್ಟು ಅಂತ ನೋಡಬೇಕಲ್ವಾ?

ಓವನ್ನಿಗೆ 4 ಟ್ರೇ ಹಿಡಿಸುತ್ತೆ. ಒಂದು ಸಲಕ್ಕೆ 96 ಬನ್, ಅಂದರೆ 864 ರೂಪಾಯಿ. ಟ್ರೇ ಇಟ್ಟು ತೆಗೆಯೋದೂ ಸೇರಿ 20 ನಿಮಿಷ, ನಿಮಿಷಕ್ಕೆ ಸುಮಾರು 43. ಕೇಕ್ 40 ಹಿಡಿಸುತ್ತೆ, 3,200 ರೂಪಾಯಿ, 75 ನಿಮಿಷ. ಇದೂ ನಿಮಿಷಕ್ಕೆ 43! ನಾನು ಸೋತೆ ಅಂದುಕೊಂಡೆ. ಆಗ ಮಾಸ್ಟರ್ ನಕ್ಕು, "ಓವನ್ ಆರೋ ಹೊತ್ತನ್ನ ಲೆಕ್ಕಕ್ಕೆ ಯಾರು ಹಾಕ್ತಾರೆ?" ಅಂದರು. ಬನ್ನಿಗೆ 210 ಡಿಗ್ರಿ ಬೇಕು, ಕೇಕಿಗೆ 160 ಸಾಕು, ಆ ಬಿಸಿಗೇ ಕೇಕ್ ಇಟ್ಟರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತೆ. ಬಿಸಿ ಇಳಿಯೋಕೆ ಅರ್ಧ ಗಂಟೆ ಸುಮ್ನೆ ಕೂರಬೇಕು. ಆ 30 ನಿಮಿಷ ಕೇಕಿನದೇ ತಾನೇ? 105 ನಿಮಿಷಕ್ಕೆ ಹಂಚಿದರೆ ಬರೋದು 30.

ಹಾಗಾದರೆ ಬೆಳಗ್ಗೆಯೆಲ್ಲ ಬನ್ನೇ ಬೇಯಿಸೋಣ ಅಂತ ಮರುದಿನ ಹುಮ್ಮಸ್ಸಿನಲ್ಲಿ ಮೂರು ಸಲ ಹಾಕಿಸಿದೆ. ತಪ್ಪು ನನ್ನದೇ. ಮೊದಲೆರಡು ಸಲದ್ದು ಖರ್ಚಾಯಿತು, ಮೂರನೆಯದರಲ್ಲಿ 50 ಮಾತ್ರ ಹೋಯಿತು. ಬಂದದ್ದು 800, ಆದರೆ ಉಳಿದವಕ್ಕೂ ಸೇರಿ 96ಕ್ಕೂ ಸಾಮಾನು ಹಾಕಿ ಆಗಿತ್ತು, 672. ಮಿಕ್ಕಿದ್ದು 128. ನಿಮಿಷಕ್ಕೆ ಆರು ಚಿಲ್ಲರೆ, ಬ್ರೆಡ್ಡಿಗಿಂತ ಕಡೆ. ಬ್ರೆಡ್ಡಿಗೆ ನಿಮಿಷಕ್ಕೆ 18 ಆದರೂ ಇದೆ.

ಈಗ ಬೆಳಗ್ಗೆ ಎರಡು ಸಲ ಬನ್, ಶನಿವಾರ ಮಾತ್ರ ಮೂರು. ಕೇಕ್ ಮಧ್ಯಾಹ್ನಕ್ಕೆ ಹೋಯಿತು. ಆಗ ಸಾಲಿನಲ್ಲಿ ಯಾವ ಟ್ರೇಯೂ ಇರೋದಿಲ್ಲ, ಮಾಸ್ಟರ್ ಊಟ ಮುಗಿಸೋ ಹೊತ್ತಿಗೆ ಓವನ್ ತಾನೇ ಆರಿರುತ್ತೆ. ಬ್ರೆಡ್ ಕಡಿಮೆ ಮಾಡೋಣ ಅಂದರೆ ಚಿಕ್ಕಪ್ಪ ಒಪ್ಪಲಿಲ್ಲ. ಬ್ರೆಡ್ಡಿಗೆ ಅಂತ ಬಂದವರೇ ಕಾಲು ಕೆಜಿ ಬೆಣ್ಣೆ ಬಿಸ್ಕತ್ತೂ ಕಟ್ಟಿಸಿಕೊಂಡು ಹೋಗ್ತಾರೆ, ಅದು ನಿನ್ನ ಕಾಗದದಲ್ಲಿ ಎಲ್ಲಿದೆ, ತೋರಿಸು ಅಂದರು.