ರೀಸೆಟ್ ಒತ್ತುವ ಮುಂಚೆ ಇ-ಸಿಮ್ ಕೇಳಬೇಕಿತ್ತು

ಗಂಗಾವತಿಯಲ್ಲಿ ಮೊಬೈಲ್ ಅಂಗಡಿ ಇಟ್ಟು ಒಂಬತ್ತು ವರ್ಷ ಆಯ್ತು. ಹಳೆ ಫೋನ್ ಕೊಟ್ಟು ಹೊಸದು ಒಯ್ಯುವ ಗಿರಾಕಿಗಳೇ ನನಗೆ ಹೆಚ್ಚು. ಅವರ ಹಳೆ ಫೋನಿನಿಂದ ಸಿಮ್ ತೆಗೆದು ಹೊಸದಕ್ಕೆ ಹಾಕಿ, ಹಳೆಯದನ್ನು ರೀಸೆಟ್ ಹೊಡೆಯುವುದು ಕೈಗೆ ರೂಢಿಯಾದ ಕೆಲಸ. ಆ ರೂಢಿಯಿಂದಲೇ ಒಂದು ಶುಕ್ರವಾರ ಸಂಜೆ ಒಬ್ಬರ ನಂಬರು ಬಂದ್ ಆಯಿತು. ತಪ್ಪು ನನ್ನದೇ.

ಬಂದವರು ಇಲ್ಲಿಯ ಒಂದು ಅಕ್ಕಿ ಗಿರಣಿಯ ಗುಮಾಸ್ತರು. ಅವರ ಫೋನಿನಲ್ಲಿ ಎರಡು ನಂಬರ್ ಇದ್ದವು. ಒಂದು ಸಿಮ್ಮನ್ನು ಪಿನ್ನಿನಿಂದ ಟ್ರೇ ಎಳೆದು ಅರ್ಧ ನಿಮಿಷದಲ್ಲಿ ಹೊಸ ಫೋನಿಗೆ ಹಾಕಿದೆ. ಡೇಟಾ ಎಲ್ಲ ಹೊಸದಕ್ಕೆ ಬಂದಿತ್ತು, ಹಳೆಯದನ್ನು ರೀಸೆಟ್‌ಗೆ ಹಾಕಿದೆ. ಡೌನ್‌ಲೋಡ್ ಆದ ಸಿಮ್ಮನ್ನೂ ಅಳಿಸಬೇಕಾ ಅಂತ ಫೋನ್ ಕೇಳಿತು. ಓದದೆ ಹೂಂ ಅಂದುಬಿಟ್ಟೆ. ಬ್ಯಾಂಕಿಗೆ ಜೋಡಿಸಿದ್ದ ಎರಡನೆಯ ನಂಬರ್ ಇದ್ದದ್ದು ಇ-ಸಿಮ್‌ನಲ್ಲಿ, ಅಂದರೆ ಕಾರ್ಡೇ ಇಲ್ಲದೆ ಫೋನಿನೊಳಗೇ ಇಳಿಸಿಕೊಂಡ ಸಿಮ್ಮಿನಲ್ಲಿ.

"ಅಣ್ಣಾ, ಆ ಕ್ಯೂಆರ್ ಕೋಡ್ ಇನ್ನೂ ನನ್ ಹತ್ರ ಐತ್ರಿ, ಅದನ್ನ ಹೊಡದ್ರ ಬರ್ತೈತಲ್ಲ?" ಅಂದರು. ಮೊದಲ ಸಲ ಇ-ಸಿಮ್ ಮಾಡಿಸಿದಾಗ ಬಂದ ಕೋಡಿನ ಪ್ರಿಂಟು ಮಡಚಿ ಇಟ್ಟುಕೊಂಡಿದ್ದರು. ಹೊಸ ಫೋನಿನಲ್ಲಿ ಸ್ಕ್ಯಾನ್ ಮಾಡಿದೆವು. ಈ ಕೋಡ್ ಈಗ ನಡೆಯುವುದಿಲ್ಲ ಅಂತ ಬಂತು.

ಯಾಕೆ ಅಂತ ಅಂದು ರಾತ್ರಿ ಕೂತು ಪೂರ್ತಿ ತಿಳಿದುಕೊಂಡೆ. ಸಿಮ್ ಕಾರ್ಡಿನೊಳಗೆ ಒಂದು ಗುಟ್ಟಿನ ಕೀ ಇರುತ್ತದೆ, ಅದರ ಜೋಡಿ ಸಿಮ್ ಕೊಟ್ಟ ಕಂಪನಿಯ ಕಡೆ ಇರುತ್ತದೆ. ಎರಡೂ ತಾಳೆ ಬಿದ್ದರೆ ನೆಟ್‌ವರ್ಕ್ ಸಿಗುತ್ತದೆ. ಕಾರ್ಡನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಕೀಯೂ ಅದರ ಜೊತೆ ಹೋಗುತ್ತದೆ. ಇ-ಸಿಮ್‌ನಲ್ಲೂ ಇದೇ ಕೀ ಇದೆ, ಆದರೆ ಅದು ಕೂತಿರುವುದು ಫೋನಿನ ಬೋರ್ಡಿಗೆ ಬೆಸೆದ ಚಿಪ್ಪಿನಲ್ಲಿ. ಆ ಚಿಪ್ಪಿಗೆ 32 ಅಂಕಿಯ ಇಐಡಿ ಅಂತ ನಂಬರ್ ಇರುತ್ತದೆ. `*#06#` ಒತ್ತಿದರೆ ಹೆಚ್ಚಿನ ಫೋನುಗಳಲ್ಲಿ ಐಎಂಇಐ ಜೊತೆ ಕಾಣುತ್ತದೆ. ಕ್ಯೂಆರ್ ಕೋಡಿನಲ್ಲಿ ಸಿಮ್ ಇರುವುದಿಲ್ಲ. ಯಾವ ಸರ್ವರಿಗೆ ಹೋಗಬೇಕು, ಯಾವ ಪ್ರೊಫೈಲ್, ಅಂದರೆ ಕೀ ಸಮೇತ ಸಿಮ್ಮಿನ ಮಾಹಿತಿ, ಕೇಳಬೇಕು ಅನ್ನುವ ಚೀಟಿ ಅಷ್ಟೇ ಅದು. ಸರ್ವರ್ ಆ ಪ್ರೊಫೈಲನ್ನು ಆ ಒಂದೇ ಚಿಪ್ಪಿಗೆ ಬೀಗ ಹಾಕಿ ಕಳಿಸುತ್ತದೆ, ಇಳಿದ ಮೇಲೆ ಚೀಟಿ ಸಾಮಾನ್ಯವಾಗಿ ಮುಗಿದ ಲೆಕ್ಕ. ಚಿಪ್ಪಿನಿಂದ ಅದನ್ನು ನಕಲು ಮಾಡಿ ಹೊರತೆಗೆಯಲು ಬರುವುದಿಲ್ಲ. ಹಾಗಾಗಿ ಇ-ಸಿಮ್ "ಸಾಗಿಸುವುದು" ಅಂದರೆ ಹೊಸ ಚಿಪ್ಪಿಗೆ ಹೊಸ ಪ್ರೊಫೈಲ್ ಕೊಡಿಸಿ ಹಳೆಯದನ್ನು ಸಾಯಿಸುವುದು. ಕೆಲವು ಫೋನುಗಳು ಪಕ್ಕಪಕ್ಕ ಇಟ್ಟು ವರ್ಗಾಯಿಸುವ ಸೌಲಭ್ಯ ಕೊಡುತ್ತವೆ, ಅಲ್ಲೂ ಒಳಗೆ ನಡೆಯುವುದು ಇದೇ.

ನಂಬರ್ ಮಾತ್ರ ಎಲ್ಲಿಗೂ ಹೋಗಿರಲಿಲ್ಲ. ಪ್ರೊಫೈಲ್ ಅಳಿಸಿದರೆ ಸಂಪರ್ಕ ರದ್ದಾಗುವುದಿಲ್ಲ, ಕಂಪನಿಯ ಖಾತೆಯಲ್ಲಿ ಅದು ಅವರ ಹೆಸರಿನಲ್ಲೇ ಇತ್ತು. ಆದರೆ ಹೊಸ ಪ್ರೊಫೈಲ್ ಕೇಳಲು ಓಟಿಪಿ ಬೇಕು, ಓಟಿಪಿ ಬರುವುದು ಆ ಸತ್ತ ನಂಬರಿಗೇ. ಹೊಸ ಇ-ಸಿಮ್ ಕೋಡ್ ಬರಬೇಕಾದ, ಕಂಪನಿಯಲ್ಲಿ ಬರೆಸಿದ್ದ ಇಮೇಲ್ ಅವರು ಬಿಟ್ಟ ಹಳೆ ಕೆಲಸದ್ದು.

ಶನಿವಾರ ಬೆಳಿಗ್ಗೆ ನಾನೇ ಅವರನ್ನು ಕಂಪನಿಯ ಅಂಗಡಿಗೆ ಕರೆದುಕೊಂಡು ಹೋದೆ. ಆಧಾರ್ ತೋರಿಸಿ, ಫೋಟೋ ತೆಗೆಸಿ, ಇಮೇಲಿನ ತಾಪತ್ರಯ ಬೇಡವೆಂದು ಮಾಮೂಲಿ ಸಿಮ್ ಕಾರ್ಡನ್ನೇ ತೆಗೆದುಕೊಂಡೆವು. ಮಧ್ಯಾಹ್ನಕ್ಕೆ ಟವರ್ ಬಂತು, ಕಾಲ್ ಹೋಯಿತು, ಇಂಟರ್ನೆಟ್ ಬಂತು. ಯುಪಿಐ ಮಾತ್ರ ಏಳಲಿಲ್ಲ. ಹೊಸ ಫೋನಿನಲ್ಲಿ ಅದನ್ನು ಶುರು ಮಾಡಲು ಆ ನಂಬರಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಹೋಗುವುದೂ ಬಂದ್. ಕದ್ದು ಸಿಮ್ ಬದಲಾಯಿಸಿ ಬ್ಯಾಂಕ್ ಖಾತೆ ದೋಚುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಇದು. ಬೇಕಾದ ನಿಯಮವೇ ಅನ್ನುತ್ತೇನೆ. ಆದರೆ ಅಂದು ಶನಿವಾರ, ಗಿರಣಿ ಹಮಾಲರ ವಾರದ ಪಗಾರ. "ಹನ್ನೆರಡು ಮಂದಿ ಕಾಯಾಕತ್ತಾರ್ರೀ" ಅಂದು ಅವರು ಸಾಹುಕಾರರ ಹತ್ತಿರ ನಗದು ಕೇಳಲು ಹೋದರು. ಎಸ್ಸೆಮ್ಮೆಸ್ ಶುರುವಾದದ್ದು ಭಾನುವಾರ ಮಧ್ಯಾಹ್ನ.

ಈಗ ಹಳೆ ಫೋನ್ ಕೈಗೆ ಬಂದ ಕೂಡಲೇ ಸಿಮ್ ಸೆಟ್ಟಿಂಗ್ಸ್ ತೆರೆದು ನೋಡುತ್ತೇನೆ. ಇ-ಸಿಮ್ ಕಂಡರೆ ರೀಸೆಟ್ ಕೊನೆಗೆ. ಕಂಪನಿಯಲ್ಲಿರುವ ಇಮೇಲ್ ಈಗಲೂ ತೆರೆಯುತ್ತದಾ ಅಂತ ಗಿರಾಕಿಯಿಂದಲೇ ತೆರೆಸುತ್ತೇನೆ. ನಾಳೆ ಯಾರಿಗಾದರೂ ಹಣ ಹಾಕುವುದಿದ್ದರೆ ಇವತ್ತೇ ಹಳೆ ಫೋನಿನಿಂದ ಹಾಕಿಸುತ್ತೇನೆ. ಆಮೇಲೆ ಹಳೆ ಫೋನಿನಲ್ಲಿ ನಂಬರ್ ಜೀವಂತ ಇರುವಾಗಲೇ ಹೊಸ ಇಐಡಿ ಕೊಟ್ಟು ವಿನಂತಿ ಕಳಿಸುವುದು, ಹೊಸ ಫೋನನ್ನು ಅಂಗಡಿಯ ವೈಫೈಗೆ ಹಾಕಿ ಪ್ರೊಫೈಲ್ ಇಳಿಸುವುದು. ಹೊಸದರಿಂದ ನನ್ನ ನಂಬರಿಗೆ ಒಂದು ಕಾಲ್ ಬರಬೇಕು. ಅದು ಬಂದ ಮೇಲಷ್ಟೇ ಹಳೆಯದರ ಪ್ರೊಫೈಲ್ ಅಳಿಸುತ್ತೇನೆ.

ಡಿಸ್‌ಪ್ಲೇ ಒಡೆದೋ ನೀರು ಹೊಕ್ಕೋ ಸತ್ತ ಫೋನಿನಲ್ಲಿ ಈ ಯಾವುದೂ ನಡೆಯುವುದಿಲ್ಲ. ಟ್ರೇಯಲ್ಲಿ ಸಿಮ್ ಇದ್ದರೆ ಎಳೆದು ಕೊಡಬಹುದು, ಇ-ಸಿಮ್ ಆದರೆ ಆಧಾರ್ ಹಿಡಿದು ಕಂಪನಿಯ ಅಂಗಡಿಗೇ ಹೋಗಿ ಅನ್ನುತ್ತೇನೆ. ಬ್ಯಾಂಕಿನ ನಂಬರನ್ನು ಇ-ಸಿಮ್‌ಗೆ ಹಾಕಲಾ ಅಂತ ಕೇಳಿದವರಿಗೂ ಇದನ್ನು ಹೇಳಿಯೇ ಕಳಿಸುತ್ತೇನೆ. ಕಳ್ಳನಿಗೆ ಕಿತ್ತು ಎಸೆಯಲು ಬರುವುದಿಲ್ಲ ಅನ್ನುವ ಲಾಭವನ್ನೂ ಹೇಳುತ್ತೇನೆ. ಗುಮಾಸ್ತರು ಮಾತ್ರ ಕಾರ್ಡ್ ಸಿಮ್ಮಿನಲ್ಲೇ ಉಳಿದಿದ್ದಾರೆ.