ದಣಿದ ತಂಡವೇ ಜಾಸ್ತಿ ಗೆಲ್ಲುತ್ತದೆ ಎಂದ ಆ ಸ್ಲೈಡ್

"ಕಡಿಮೆ ವಿಶ್ರಾಂತಿ ಸಿಕ್ಕ ತಂಡಗಳ ಫಲಿತಾಂಶ ಉತ್ತಮ." ಕ್ಲೈಂಟ್ ಕಾಲ್‌ಗೆ ಇನ್ನು ಒಂದು ಗಂಟೆಯೂ ಇರಲಿಲ್ಲ, ಡೆಕ್‌ನಲ್ಲಿ ಈ ಸಾಲು ಕೂತಿತ್ತು. ಕೆಳಗೆ ಚೆಂದದ ಗ್ರಾಫ್, ಪಕ್ಕದಲ್ಲಿ ಪುಟ್ಟ ಪಿ-ವ್ಯಾಲ್ಯೂ. ಮ್ಯಾನೇಜರ್‌ಗೆ ಅದು ತುಂಬಾ ಹಿಡಿಸಿತ್ತು. "ಎಲ್ಲರೂ ಅಂದುಕೊಂಡಿದ್ದಕ್ಕೆ ಉಲ್ಟಾ ಬಂದಿದೆ, ಇದನ್ನೇ ಮೊದಲು ಇಡಿ" ಅಂದರು. ನಾನು "ಸರ್, ಇದನ್ನು ತೆಗೆಯಬೇಕು" ಅಂದೆ. ನಮ್ಮ ಆಫೀಸಿನವರ ಕಾಲ್‌ನಲ್ಲಿ ಯಾರೂ ಮಾತಾಡಲಿಲ್ಲ. ಆ ಮೌನ ಇವತ್ತಿಗೂ ನೆನಪಿದೆ. ಯಾಕೆ ತೆಗೆಯಬೇಕು ಅಂತ ಆಗ ಅರ್ಧಂಬರ್ಧ ಹೇಳಿದ್ದೆ. ಇಲ್ಲಿ ಪೂರ್ತಿ ಹೇಳುತ್ತೇನೆ.

ಕ್ಲೈಂಟ್ ಒಂದು ಫುಟ್‌ಬಾಲ್ ಕ್ಲಬ್, ಕೆಲಸ ಇಂಗ್ಲಿಷ್ ಪ್ರೀಮಿಯರ್ ಲೀಗ್ ಡೇಟಾ ಮೇಲೆ. 20 ತಂಡ, ಒಂದು ಸೀಸನ್‌ಗೆ 380 ಪಂದ್ಯ. ಎರಡು ಪಂದ್ಯಗಳ ನಡುವಿನ ದಿನಗಳು ಫಲಿತಾಂಶವನ್ನು ಎಷ್ಟು ಬದಲಿಸುತ್ತವೆ ಅನ್ನುವುದು ಪ್ರಶ್ನೆ. ಲೀಗ್ ಫೈಲಿನಲ್ಲಿ ಪ್ರತಿ ತಂಡದ ಹಿಂದಿನ ಪಂದ್ಯದ ದಿನಾಂಕ ಕಳೆದರೆ ವಿಶ್ರಾಂತಿ ಸಿಗುತ್ತದೆ, ತವರು ತಂಡದ ಲೆಕ್ಕದಿಂದ ಎದುರಾಳಿಯದನ್ನು ಕಳೆದರೆ ವ್ಯತ್ಯಾಸ ಸಿಗುತ್ತದೆ. ಸುಲಭ, ಅಲ್ವಾ? ನಮ್ಮ ಮೊದಲ ರಿಪೋರ್ಟ್ ಮಾಡಿದ್ದು ಇಷ್ಟೇ. ಪರಿಣಾಮ ಏನೂ ಇಲ್ಲ ಅಂತ ಬಂತು.

ಬರದೇ ಇನ್ನೇನು? ಬುಧವಾರ ಯುರೋಪಿನ ಚಾಂಪಿಯನ್ಸ್ ಲೀಗ್ ಆಡಿ ಶನಿವಾರ ಮೈದಾನಕ್ಕಿಳಿದ ತಂಡಕ್ಕೂ ಆ ಫೈಲಿನಲ್ಲಿ 7 ದಿನ ವಿಶ್ರಾಂತಿ. ಲೀಗ್ ಫೈಲಿಗೆ ಬುಧವಾರದ ಪಂದ್ಯ ಕಾಣುವುದೇ ಇಲ್ಲ.

ಒಂದೇ ಒಂದು ಪಂದ್ಯ ನೋಡಿ. 2019ರ ಡಿಸೆಂಬರ್ 26, ಲೆಸ್ಟರ್ ಅಂಗಳದಲ್ಲಿ ಲಿವರ್‌ಪೂಲ್ 4-0 ಗೆದ್ದಿತು. ಲೀಗ್ ಫೈಲ್ ಪ್ರಕಾರ ಲಿವರ್‌ಪೂಲ್‌ನ ಹಿಂದಿನ ಪಂದ್ಯ ಡಿಸೆಂಬರ್ 14ರಂದು, ಅಂದರೆ 12 ದಿನ ವಿಶ್ರಾಂತಿ. ಲೆಸ್ಟರ್‌ಗೆ 5 ದಿನ. "ಆರಾಮಾಗಿದ್ದ ತಂಡ ಗೆದ್ದಿತು" ಅಂತ ರಿಗ್ರೆಷನ್ ಕಲಿಯುತ್ತದೆ. ನಿಜದಲ್ಲಿ ಲಿವರ್‌ಪೂಲ್ ದೋಹಾಕ್ಕೆ ಹೋಗಿ ಡಿಸೆಂಬರ್ 18ರಂದು ಕ್ಲಬ್ ವಿಶ್ವಕಪ್ ಸೆಮಿಫೈನಲ್ ಆಡಿತ್ತು. 21ರಂದು ಫೈನಲ್, ಅದೂ ಹೆಚ್ಚುವರಿ ಸಮಯದವರೆಗೆ. ಲೆಸ್ಟರ್ ಕೂಡ 18ರಂದು ಲೀಗ್ ಕಪ್, 21ರಂದು ಮ್ಯಾಂಚೆಸ್ಟರ್ ಸಿಟಿ ಜೊತೆ ಆಡಿತ್ತು. ಎರಡೂ ತಂಡಗಳು ಆಡಿದ ತಾರೀಕುಗಳು ಒಂದೇ. ವ್ಯತ್ಯಾಸ 7 ದಿನ ಅಲ್ಲ, ಸೊನ್ನೆ.

ಹಾಗಂತ ಎಲ್ಲ ಕಪ್ ಪಂದ್ಯಗಳನ್ನು ಕಣ್ಣುಮುಚ್ಚಿ ಸೇರಿಸಿದರೂ ಆಗುವುದಿಲ್ಲ. ಅದೇ ವಾರ, ಡಿಸೆಂಬರ್ 17ರಂದು, ಲಿವರ್‌ಪೂಲ್ ಹೆಸರಿನಲ್ಲಿ ಇನ್ನೊಂದು ಪಂದ್ಯ ನಡೆದಿದೆ. ಆಸ್ಟನ್ ವಿಲ್ಲಾ ವಿರುದ್ಧ ಲೀಗ್ ಕಪ್, 5-0 ಸೋಲು. ಆಡಿದ್ದು ಕ್ಲಬ್ಬಿನ ಎಳೆಯ ಹುಡುಗರು. ಸೀನಿಯರ್ ತಂಡ ಆಗಲೇ ಕತಾರ್‌ನಲ್ಲಿತ್ತು. ಕೋಡ್ ಮಾತ್ರ "18ರ ಪಂದ್ಯಕ್ಕೆ 1 ದಿನ ವಿಶ್ರಾಂತಿ" ಅಂತ ಬರೆಯುತ್ತದೆ. ಹಾಗಾಗಿ ವಿಶ್ರಾಂತಿ 2 ದಿನಕ್ಕಿಂತ ಕಡಿಮೆ ಬಂದ ಪ್ರತಿ ಸಾಲನ್ನೂ ನಾನು ಕೈಯಾರೆ ನೋಡುತ್ತೇನೆ. ಆಟಗಾರರು ಆಡಿದ ನಿಮಿಷಗಳ ಡೇಟಾ ಇದ್ದರೆ ಇನ್ನೂ ಒಳ್ಳೆಯದು. ನಾವು ಕೇಳಿದೆವು, ಬಜೆಟ್ ಇಲ್ಲ ಅಂದರು. ಡೆಕ್‌ನ ಬಣ್ಣ ಬದಲಿಸಲು ಮೂರು ಮೀಟಿಂಗ್‌ಗೆ ಸಮಯ ಇತ್ತು. ಇದು ನನಗೆ ಈಗಲೂ ಬೇಜಾರು.

ಈಗ ಆ ಸ್ಲೈಡಿನ ಕಥೆ. ಯುರೋಪಿನ ಪಂದ್ಯಗಳನ್ನು ಸೇರಿಸಿದ ಕೂಡಲೇ ಪರಿಣಾಮದ ಚಿಹ್ನೆ ಉಲ್ಟಾ ಬಂತು. ವಿಶ್ರಾಂತಿ ಕಡಿಮೆಯಾದಷ್ಟೂ ಗೋಲು ವ್ಯತ್ಯಾಸ ಜಾಸ್ತಿ! ಕಾರಣ ಸರಳ. ವಾರದ ನಡುವೆ ಯುರೋಪಿನಲ್ಲಿ ಆಡುವವರು ಯಾರು? ಹಿಂದಿನ ಸೀಸನ್‌ನಲ್ಲಿ ಮೇಲಿನ ಸ್ಥಾನ ಪಡೆದವರು, ಅಂದರೆ ಬಲಿಷ್ಠರು. ಅವರಿಗೆ 3 ದಿನ, ಕೆಳಗಿನ ತಂಡಕ್ಕೆ 7 ದಿನ, ಆದರೂ ಗೆಲ್ಲುವವರು ಅವರೇ. ರಿಗ್ರೆಷನ್ ಅಳೆದದ್ದು ದಣಿವನ್ನಲ್ಲ, ತಂಡದ ಬಲವನ್ನು. ದೊಡ್ಡ ಆಸ್ಪತ್ರೆಯಲ್ಲಿ ಸಾವು ಜಾಸ್ತಿ ಅಂತ ಆ ಆಸ್ಪತ್ರೆಯನ್ನೇ ದೂರಿದ ಹಾಗೆ ಇದು.

ಬಲವನ್ನು ಲೆಕ್ಕಕ್ಕೆ ತರುವ ದಾರಿಯಲ್ಲೂ ಒಂದು ಗುಂಡಿ ಇದೆ. ಬೆಟ್ಟಿಂಗ್ ಕಂಪನಿಗಳ ಕೊನೆಯ ಕ್ಷಣದ ದರವನ್ನೇ ತಂಡದ ಬಲ ಅಂತ ಹಾಕೋಣ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಕಾಲಂ ಕೈಗೇ ಸಿಗುತ್ತದೆ, ಮಾಡೆಲ್ ಫಿಟ್ ಕೂಡ ಚೆನ್ನಾಗಿ ಕಾಣುತ್ತದೆ. ಆದರೆ ದರ ಕಟ್ಟುವವರಿಗೆ ಬುಧವಾರದ ಪಂದ್ಯ ಗೊತ್ತು, ಯಾರು ಬೆಂಚಿನಲ್ಲಿದ್ದಾರೆ ಅಂತಲೂ ಗೊತ್ತು. ದಣಿವಿನ ಪರಿಣಾಮ ಆ ದರದೊಳಗೇ ಸೇರಿಹೋಗಿದೆ. ಅದನ್ನು ಹಾಕಿದರೆ ಉಳಿಯುವ ಪ್ರಶ್ನೆ ಬೇರೆ: ಮಾರುಕಟ್ಟೆ ದಣಿವನ್ನು ತಪ್ಪಾಗಿ ಅಂದಾಜಿಸಿತೇ? ಕ್ಲಬ್ಬಿನ ವೈದ್ಯರು ಕೇಳಿದ್ದು ಅದಲ್ಲ.

ನಾವು ಕೊನೆಗೆ ಮಾಡಿದ್ದು ಒಂದೇ ಸೀಸನ್‌ನ ಒಂದೇ ತಂಡವನ್ನು ಅದರ ಜೊತೆಗೇ ಹೋಲಿಸುವುದು. ಗುರುವಾರ ಆಡಿ ಭಾನುವಾರ ಬಂದಾಗ ಹೇಗೆ, ವಾರ ಪೂರ್ತಿ ಖಾಲಿ ಇದ್ದಾಗ ಹೇಗೆ.

```python
cap = 7
m["restdiff"] = m.h_rest.clip(upper=cap) - m.a_rest.clip(upper=cap)
fit = smf.ols("gd ~ restdiff + C(home_ts) + C(away_ts)", m).fit()
```

`home_ts`, `away_ts` ಅಂದರೆ ತಂಡ ಮತ್ತು ಸೀಸನ್ ಸೇರಿದ ಗುರುತು. 7ಕ್ಕೆ ಮಿತಿ ಹಾಕಿದ್ದಕ್ಕೆ ಕಾರಣವಿದೆ. 3 ದಿನಕ್ಕೂ 5ಕ್ಕೂ ಇರುವ ವ್ಯತ್ಯಾಸ 11ಕ್ಕೂ 13ಕ್ಕೂ ಇರಲಾರದು. ಅಂತರರಾಷ್ಟ್ರೀಯ ಬಿಡುವಿನ 14 ದಿನ ನಿಜವಾದ ವಿಶ್ರಾಂತಿಯೂ ಅಲ್ಲ, ಆಟಗಾರರು ತಮ್ಮ ದೇಶಕ್ಕಾಗಿ ಆಡುತ್ತಾ ವಿಮಾನ ಹತ್ತಿ ಇಳಿಯುತ್ತಿರುತ್ತಾರೆ. ಸೀಸನ್‌ನ ಮೊದಲ ಪಂದ್ಯಗಳನ್ನು ಬಿಟ್ಟೆವು. 2020ರ ಮಾರ್ಚ್‌ನಿಂದ ಜೂನ್‌ವರೆಗೆ ಲೀಗ್ ನಿಂತ ಮೇಲಿನ ಖಾಲಿ ಸ್ಟೇಡಿಯಂ ಪಂದ್ಯಗಳನ್ನೂ ಬೇರೆ ಇಟ್ಟೆವು, ಪ್ರೇಕ್ಷಕರಿಲ್ಲದೆ ತವರಿನ ಲಾಭವೇ ಬದಲಾಗಿತ್ತು. ದಿನಾಂಕ ಓದುವಾಗ `dayfirst=True` ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಡಿಸೆಂಬರ್ 5 ಸದ್ದಿಲ್ಲದೆ ಮೇ 12 ಆಗಿಬಿಡಬಹುದು. ವಿಶ್ರಾಂತಿ ಕಾಲಂನಲ್ಲಿ ನೂರು ದಾಟಿದ ಸಂಖ್ಯೆ ಅಥವಾ ಮೈನಸ್ ಕಂಡರೆ ಮೊದಲು ಇದನ್ನೇ ನೋಡಿ.

ಫಲಿತಾಂಶ? ಚಿಹ್ನೆ ಸರಿಯಾದ ಕಡೆಗೆ ಬಂತು, ಆದರೆ ಕಾನ್ಫಿಡೆನ್ಸ್ ಇಂಟರ್ವಲ್ ಸೊನ್ನೆಯನ್ನು ಬಿಡಲಿಲ್ಲ. ಮ್ಯಾನೇಜರ್ ನಿರಾಶರಾದರು. ನನಗೆ ಆಶ್ಚರ್ಯವಾಗಲಿಲ್ಲ. ತಂಡದ ಬಲ ಕಳೆದ ಮೇಲೂ ಒಂದು ಪಂದ್ಯದ ಗೋಲು ವ್ಯತ್ಯಾಸ ಸುಮಾರು 1.6 ಗೋಲಿನಷ್ಟು ಏರಿಳಿಯುತ್ತದೆ ಅಂತಿಟ್ಟುಕೊಳ್ಳಿ. ವಿಶ್ರಾಂತಿಯಲ್ಲಿ ನಿಜವಾದ ಅಂತರ ಇರುವ 400 ಪಂದ್ಯ ಸಿಕ್ಕರೆ ಸ್ಟ್ಯಾಂಡರ್ಡ್ ಎರರ್ 1.6 ಭಾಗಿಸು 400ರ ವರ್ಗಮೂಲ 20, ಅಂದರೆ 0.08. ಅಂದರೆ ಎರಡೂ ಕಡೆ ಸುಮಾರು 0.16 ಗೋಲಿನ ಅನಿಶ್ಚಿತತೆ. ತವರಿನ ಇಡೀ ಲಾಭವೇ ಸುಮಾರು 0.3 ಗೋಲಿನಷ್ಟು. ಅದರ ಕಾಲು ಭಾಗದಷ್ಟು ಪರಿಣಾಮ ಇದ್ದರೂ ಈ ಡೇಟಾಗೆ ಅದು ಸ್ಪಷ್ಟವಾಗಿ ಕಾಣುವುದಿಲ್ಲ.

ಇನ್ನೊಂದು ಮಾತನ್ನು ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದೆ. ಕೋಚ್‌ಗಳು ಸುಮ್ನೆ ಕೂರುವುದಿಲ್ಲ. ಪಂದ್ಯ ಒತ್ತಾದಾಗ ಆಟಗಾರರನ್ನು ಬದಲಿಸುತ್ತಾರೆ. ನಮ್ಮ ಸಂಖ್ಯೆ ಹೇಳುವುದು ಕೋಚ್ ಮದ್ದು ಕೊಟ್ಟ ಮೇಲೆ ಉಳಿದ ದಣಿವನ್ನು. "ಪರಿಣಾಮ ಚಿಕ್ಕದು, ಹಾಗಾಗಿ ಅದೇ ಹನ್ನೊಂದು ಜನರನ್ನು ಮೂರು ದಿನಕ್ಕೊಮ್ಮೆ ಆಡಿಸಿ" ಅಂತ ಇದರಿಂದ ಹೇಳಲು ಬರುವುದಿಲ್ಲ. ಕ್ಲಬ್ಬಿನ ವೈದ್ಯರು ಕಾಲ್‌ನಲ್ಲಿ ಮೊದಲು ಕೇಳಿದ ಪ್ರಶ್ನೆಯೇ ಇದು. ಹಳೆಯ ಸ್ಲೈಡ್ ಡೆಕ್‌ನಲ್ಲಿ ಇದ್ದಿದ್ದರೆ ಅವರಿಗೆ ಕೊಡಲು ನಮ್ಮ ಬಳಿ ಉತ್ತರ ಇರುತ್ತಿರಲಿಲ್ಲ.