ಲೈವ್‌ನಲ್ಲಿ ಕೊನೇ ಪೀಸ್ ಯಾರದ್ದು?

ಲೈವ್ ವಿಡಿಯೊದಲ್ಲಿ ಬಟ್ಟೆ ತೋರಿಸಿ, ಕಾಮೆಂಟ್ ಹಾಕಿದವರಿಗೆ ಮಾರುವ ಲೈವ್ ಸೇಲ್‌ನಲ್ಲಿ ಜಗಳ ಏಳೋದು ಸ್ಟಾಕ್ ರಾಶಿ ಬಿದ್ದಿರುವ ಐಟಂಗಲ್ಲ, ಒಂದೇ ಪೀಸ್ ಉಳಿದಿರುವ ಐಟಂಗೆ. ಈ ಸಲ ಸಿಕ್ಕಿಹಾಕಿಕೊಂಡದ್ದು ಕೋಡ್ 214, ಎಂ ಸೈಜ್ ಟಾಪ್.

8:41ಕ್ಕೆ ಇಬ್ಬರು ಒಬ್ಬರ ಹಿಂದೊಬ್ಬರು "214 ಎಂ" ಅಂತ ಕಾಮೆಂಟ್ ಹಾಕಿದರು. ಮೊದಲನೆಯವರಿಗೆ ಬುಕ್ ಆಯಿತು, ಎರಡನೆಯವರು ವೇಟಿಂಗ್. 8:44ಕ್ಕೆ ಮೊದಲನೆಯವರ ಸ್ಕ್ರೀನ್‌ಶಾಟ್ ಬಂತು, ಆದರೆ ಅದರಲ್ಲಿ ಪೇಮೆಂಟ್ ಇನ್ನೂ "ಪ್ರೊಸೆಸಿಂಗ್". ಅಕೌಂಟ್ ನೋಡಿದರೆ ದುಡ್ಡಿಲ್ಲ. 8:52ಕ್ಕೆ ದುಡ್ಡು ಬಂತು, ನೋಡಿದರೆ ವೇಟಿಂಗ್‌ನಲ್ಲಿದ್ದವರದ್ದು! ಯಾರೂ ಕೇಳಿರಲಿಲ್ಲ, ಕ್ಯೂಆರ್ ಕೋಡ್ ಸ್ಕ್ರೀನ್ ಮೇಲೇ ಇತ್ತು, ಸ್ಕ್ಯಾನ್ ಮಾಡಿ ಹಾಕಿಬಿಟ್ಟರು. 8:58ಕ್ಕೆ ಮೊದಲನೆಯವರ ದುಡ್ಡೂ ಬಂದು ಬಿತ್ತು. ಪೀಸ್ ಒಂದು, ಪೇಮೆಂಟ್ ಎರಡು, ಕಾಮೆಂಟ್‌ನಲ್ಲಿ "ಮೋಸ" ಅನ್ನುವವರು ನಾಲ್ಕು ಜನ.

ಕ್ಯೂಆರ್ ಸ್ಕ್ರೀನ್ ಮೇಲಿದ್ದರೆ ಸೇಲ್ ಬೇಗ ಆಗುತ್ತೆ ಅನ್ನೋದು ಮ್ಯಾನೇಜ್‌ಮೆಂಟ್ ಐಡಿಯಾ. ಎಷ್ಟು ಪೀಸ್ ಬೇಕಾದರೂ ಕೊಡಬಹುದಾದ ಐಟಂಗೆ ಅದು ಸರಿ. ಒಂದೇ ಪೀಸ್ ಇದ್ದಾಗ ಪೇಮೆಂಟ್ ವಿವರ ಹೋಗಬೇಕಾದ್ದು ಬುಕ್ ಆದವರ ಇನ್‌ಬಾಕ್ಸ್‌ಗೆ ಮಾತ್ರ, ಆರ್ಡರ್ ನಂಬರ್ ಸಮೇತ. ಆ ನಂಬರನ್ನು ಪೇಮೆಂಟ್ ನೋಟ್‌ನಲ್ಲಿ ಹಾಕಲು ಹೇಳಬೇಕು. ಇಲ್ಲದಿದ್ದರೆ ಒಂದೇ ಮೊತ್ತ ಐದು ಸಲ ಬಂದಾಗ ಯಾವುದು ಯಾರದ್ದು ಅಂತ ತಿಳಿಯೋದಿಲ್ಲ. ಕಾಮೆಂಟ್ ಹಾಕೋದು ಒಂದು ಹೆಸರಿನಲ್ಲಿ, ದುಡ್ಡು ಬರೋದು ಮನೆಯ ಇನ್ಯಾರದೋ ಅಕೌಂಟಿನಿಂದ.

ಸ್ಕ್ರೀನ್‌ಶಾಟ್ ಪುರಾವೆ ಅಲ್ಲ. ಹಳೆಯದನ್ನು ಕಳಿಸುತ್ತಾರೆ, ತಿದ್ದಿಯೂ ಕಳಿಸುತ್ತಾರೆ. ಬ್ಯಾಂಕಿನ ಮೆಸೇಜ್ ತಡವಾಗಿ ಬರಬಹುದು, ಅದಕ್ಕೂ ಕಾಯಬೇಡಿ. ಪೇಮೆಂಟ್ ಆ್ಯಪ್ ತೆರೆದು ಮೊತ್ತ, ಸಮಯ, ರೆಫರೆನ್ಸ್ ನಂಬರ್ ಮೂರೂ ತಾಳೆಯಾದ ಮೇಲೆ ಶೀಟ್‌ನಲ್ಲಿ "ಪೇಯ್ಡ್" ಅಂತ ಹಾಕಿ. ಅದನ್ನು ನೋಡಿಯೇ ಆ್ಯಂಕರ್ "ಸೋಲ್ಡ್" ಅನ್ನಬೇಕು. ಅಲ್ಲಿಯವರೆಗೆ ಅವರ ಬಾಯಲ್ಲಿ ಬರಬೇಕಾದ್ದು "ಬುಕ್ಡ್" ಮಾತ್ರ. ಆ ಟಾಪ್‌ಗೆ 8:42ಕ್ಕೇ "ಸೋಲ್ಡ್" ಅಂದುಬಿಟ್ಟಿದ್ದರು. ಹತ್ತು ನಿಮಿಷದ ಮೇಲೆ ಅದೇ ಪೀಸ್ ಇನ್ನೊಬ್ಬರಿಗೆ ಸಿಗಬಹುದು ಅಂದರೆ ನೋಡುವವರು ನಂಬುತ್ತಾರಾ?

ನಾವು ಇಟ್ಟುಕೊಂಡಿರುವ ಲೆಕ್ಕ: ಬುಕ್ ಆದವರಿಗೆ ಪೀಸ್ ಹೋಲ್ಡ್ ಮಾಡೋದು 10 ನಿಮಿಷ. ಪೇಮೆಂಟ್ ಪೆಂಡಿಂಗ್ ಅಂತ ತೋರಿಸಿದರೆ ಇನ್ನೊಂದು 10 ನಿಮಿಷ, ಒಂದೇ ಸಲ. ಆ ಪ್ರಕಾರ 214ರ ಗಡುವು 9:01, ಪೀಸ್ ಮೊದಲನೆಯವರದ್ದೇ. ಎರಡನೆಯವರಿಗೆ ರೀಫಂಡ್, ಅದೂ ದುಡ್ಡು ಬಂದ ಅಕೌಂಟ್‌ಗೇ. "ಬೇರೆ ನಂಬರ್‌ಗೆ ಹಾಕಿ" ಅಂದರೆ ಹಾಕಬಾರದು. ಈ ನಿಯಮ ಲೈವ್ ಶುರುವಾಗುವಾಗಲೇ ಹೇಳಿ, ಕಾಮೆಂಟ್‌ನಲ್ಲಿ ಪಿನ್ ಮಾಡಿರಬೇಕು. ಜಗಳ ಶುರುವಾದ ಮೇಲೆ ಹೇಳಿದರೆ ಅದು ನಿಯಮ ಅಲ್ಲ, ನೆಪ.

ಇನ್ನು "ನಾನೇ ಮೊದಲು ಹಾಕಿದ್ದು" ಅನ್ನುವವರು. ಅವರು ಸುಳ್ಳು ಹೇಳುತ್ತಿರಬೇಕು ಅಂತೇನಿಲ್ಲ. ಲೈವ್ ಕೆಲವು ಸೆಕೆಂಡ್ ತಡವಾಗಿ ತಲುಪುತ್ತದೆ, ತಡ ಎಲ್ಲರಿಗೂ ಒಂದೇ ಅಲ್ಲ. ಅವರ ಫೋನಿನಲ್ಲಿ ಅವರ ಕಾಮೆಂಟೇ ಮೇಲಿರಬಹುದು. ಅದಕ್ಕೇ ಕಾಮೆಂಟ್ ನೋಡಲು ಒಂದೇ ಡಿವೈಸ್ ಗೊತ್ತುಮಾಡಿ, ಅದರಲ್ಲಿ ಕಂಡ ಸಾಲೇ ಅಂತಿಮ ಅಂತ ಮೊದಲೇ ಹೇಳಿ. ಅದರ ಸ್ಕ್ರೀನ್ ರೆಕಾರ್ಡ್ ಆಗುತ್ತಿರಲಿ. ಕಾಮೆಂಟ್ ತಿದ್ದಲು ಬಿಡುವ ಕಡೆ, ತಿದ್ದಿದ ಕಾಮೆಂಟ್ ಲೆಕ್ಕಕ್ಕಿಲ್ಲ. ಒಂದೇ ಬಗೆಯ ಕಾಮೆಂಟ್ ಸಾಲಾಗಿ ಬಂದರೆ ಫಿಲ್ಟರ್ ಕೆಲವನ್ನು ಸ್ಪ್ಯಾಮ್ ಅಂತ ಅಡಗಿಸಿಬಿಡಬಹುದು, ಆ ಜಾಗವನ್ನೂ ಆಗಾಗ ತೆರೆದು ನೋಡಬೇಕು.

ಐಟಂಗಳ ಸಾಲನ್ನು ನಿರ್ಧರಿಸಬೇಕಾದವರು ಆ್ಯಂಕರ್ ಅಲ್ಲ, ಪೇಮೆಂಟ್ ನೋಡುವವರು. ಒಂದೊಂದು ಪೇಮೆಂಟ್ ತಾಳೆ ನೋಡಲೂ ಸಮಯ ಬೇಕು, ಸಿಂಗಲ್ ಪೀಸ್‌ಗಳನ್ನೇ ಬೆನ್ನುಬೆನ್ನಿಗೆ ತೋರಿಸುತ್ತಾ ಹೋದರೆ ಮೊದಲನೆಯದರ ಹೋಲ್ಡ್ ಮುಗಿಯುವ ಹೊತ್ತಿಗೆ ಶೀಟ್ ಹಿಂದೆ ಬಿದ್ದಿರುತ್ತದೆ. ಎರಡು ಸಿಂಗಲ್ ಪೀಸ್ ಆದಮೇಲೆ ಸ್ಟಾಕ್ ಹೇರಳವಾಗಿರುವ ಒಂದು ಐಟಂ ಹಾಕಿ, ಬಟ್ಟೆ, ಹೊಲಿಗೆ, ಅಳತೆ ಅಂತ ನಾಲ್ಕೈದು ನಿಮಿಷ ಮಾತಾಡಿಸಿ. ಅಷ್ಟರಲ್ಲಿ ಪೇಮೆಂಟ್ ಟೇಬಲ್ ಉಸಿರಾಡುತ್ತದೆ. ಶುರುವಿನ ಹತ್ತು ನಿಮಿಷ ಕೂಡ ಇಂಥದ್ದೇ ಐಟಂ ಇರಲಿ, ಜನ ಇನ್ನೂ ಸೇರುತ್ತಿರುತ್ತಾರೆ.

ಪೇಮೆಂಟ್ ನೋಡುವ ಫೋನ್ ಮತ್ತು ಲೈವ್ ಹೋಗುವ ಫೋನ್ ಒಂದೇ ಆಗಿರಬಾರದು. ಲೈವ್ ಮಧ್ಯೆ ಆ್ಯಪ್ ಬದಲಿಸಿದರೆ ವಿಡಿಯೊ ನಿಲ್ಲಬಹುದು, ಫೋನ್ ಬಂದರೆ ಇನ್ನೂ ಕಷ್ಟ. ಎರಡನೇ ಫೋನ್‌ಗೆ ರಿಕ್ವೆಸ್ಟ್ ಹಾಕಿದ್ದೇವೆ. ರಿಂಗ್ ಲೈಟ್ ಮಾತ್ರ ಎರಡು ಬಂದಿವೆ.